ಫೋಟೊದಿಂದ ಬಣ್ಣ ತುಂಬುವ ಚಿತ್ರ ಮಾಡಿಸುವವರೇ, ಹಣ ಕೊಡುವ ಮುನ್ನ ಇದನ್ನು ಓದಿ

ನಾನು ಬಣ್ಣದ ಪುಸ್ತಕ ಮಾಡಿಸಿದ್ದ ಡಿಸೈನರ್ ಒಬ್ಬರ ಸ್ಟೇಟಸ್‌ನಲ್ಲಿ ನಿನ್ನೆ ರಾತ್ರಿ ಮತ್ತೆ ಅದೇ ಆನೆ ಕಾಣಿಸಿತು. ದಪ್ಪ ಗೆರೆಯ, ದುಂಡು ಹೊಟ್ಟೆಯ, ನೋಡಿದರೆ ಮಗು ಕೂಡಲೇ ಕ್ರೆಯಾನ್ ಹುಡುಕುವಂಥ ಆನೆ. ಕೆಳಗೆ ‘ನಿಮ್ಮ ಮನೆಯ ಫೋಟೊ ಕಳುಹಿಸಿ, ಮಕ್ಕಳ ಬಣ್ಣದ ಪುಸ್ತಕ ಪಡೆಯಿರಿ’ ಎಂಬ ಸಾಲು. ಆ ಆನೆಯನ್ನು ನಂಬಿ ನಾನು ಎರಡು ಸಾವಿರ ರೂಪಾಯಿ ಕಳೆದುಕೊಂಡಿದ್ದೇನೆ. ಹಣಕ್ಕಿಂತ ಹೆಚ್ಚಾಗಿ, ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಮುಂದೆ ತಲೆ ತಗ್ಗಿಸಿದ್ದೇನೆ. ಮರೆತುಬಿಡೋಣ ಎಂದುಕೊಂಡಿದ್ದೆ. ಆನೆಯನ್ನು ಮತ್ತೆ ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಮಗನಿಗೆ ನಾಲ್ಕು ತುಂಬುತ್ತಿತ್ತು. ಬಂದ ಮಕ್ಕಳಿಗೆ ಪ್ಲಾಸ್ಟಿಕ್ ಆಟಿಕೆ ಕೊಡುವ ಬದಲು ನಮ್ಮ ಊರಿನ ಮನೆಯ ಎಂಟು ಫೋಟೊಗಳ ಬಣ್ಣದ ಪುಸ್ತಕ ಕೊಡೋಣ ಎಂಬ ಆಸೆ. ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುವ ಅಜ್ಜಿ, ಕರುವಿನ ಜೊತೆ ಮಗ, ಬಾವಿಕಟ್ಟೆ, ನಾಯಿ, ಹೀಗೆ. ಪರಿಚಯದವರೊಬ್ಬರು ಈ ಡಿಸೈನರ್ ನಂಬರ್ ಕೊಟ್ಟರು. ಒಂದು ಪುಟಕ್ಕೆ 250 ರೂಪಾಯಿ ಎಂದರು. ಕೈಯಿಂದ ಗೆರೆ ಎಳೆದು ಕೊಡುವ ಕೆಲಸಕ್ಕೆ ಅದು ಹೆಚ್ಚೇನಲ್ಲ ಎಂದು ಒಪ್ಪಿದೆ. ಗೆರೆ ದಪ್ಪ ಇರಬೇಕು, ಸಣ್ಣ ಸಣ್ಣ ಖಾನೆ ಇರಬಾರದು, ಬೂದು ನೆರಳು ಬೇಡವೇ ಬೇಡ ಎಂದು ಮೂರು ಮಾತನ್ನೂ ಬರೆದೇ ಕಳುಹಿಸಿದ್ದೆ. ‘ಆನೆ ನೋಡಿದ್ದೀರಲ್ಲ ಮೇಡಂ, ಹಾಗೆಯೇ ಬರುತ್ತದೆ’ ಎಂಬ ಉತ್ತರ ಬಂತು. ಅರ್ಧ ಹಣ ಮುಂಗಡ.

ಹುಟ್ಟುಹಬ್ಬಕ್ಕೆ ಎರಡು ದಿನ ಇರುವಾಗ ಅಡ್ಡಲಾಗಿ ತಮ್ಮ ಹೆಸರು ಮುದ್ರಿಸಿದ ಚಿಕ್ಕ ಚಿತ್ರಗಳನ್ನು ಮೊಬೈಲಿಗೆ ಕಳುಹಿಸಿದರು. ಅಂಗೈಯಷ್ಟು ಪರದೆಯ ಮೇಲೆ ಅವು ಚೆನ್ನಾಗಿಯೇ ಕಂಡವು. ಅಜ್ಜಿ ಅಜ್ಜಿಯಂತೆಯೇ ಇದ್ದರು. ಉಳಿದ ಸಾವಿರ ಹಾಕಿದೆ, ಹೆಸರಿಲ್ಲದ ಫೈಲುಗಳು ಬಂದವು, ತೆಗೆದುಕೊಂಡು ನೇರವಾಗಿ ಜೆರಾಕ್ಸ್ ಅಂಗಡಿಗೆ ಹೋಗಿ ಇಪ್ಪತ್ತು ಪ್ರತಿ ಮಾಡಿಸಿದೆ. 160 ಹಾಳೆ. ಒಂದೇ ಒಂದು ಹಾಳೆಯನ್ನು ಮೊದಲು ತೆಗೆಸಿ ನೋಡಬಹುದಿತ್ತು. ನೋಡಲಿಲ್ಲ. ಅಂಗಡಿಯವರು ‘ಇದರಲ್ಲಿ ಬೂದು ಬಣ್ಣ ತುಂಬಾ ಇದೆ, ಕಲೆ ಕಲೆಯಾಗಿ ಬೀಳುತ್ತದೆ’ ಎಂದು ಎಚ್ಚರಿಸಿದರು. ಅದನ್ನೂ ಕೇಳಲಿಲ್ಲ.

ಮರುದಿನ ಸಂಜೆ ಮಗುವಿನ ಮುಂದೆ ಅಜ್ಜಿಯ ಹಾಳೆ ಇಟ್ಟೆ. ಅವನು ಕೆಂಪು ಕ್ರೆಯಾನ್ ಹಿಡಿದುಕೊಂಡು ತುಂಬಾ ಹೊತ್ತು ಸುಮ್ಮನೆ ನೋಡಿದ. ಆಮೇಲೆ ‘ಅಮ್ಮಾ, ಅಜ್ಜಿಯ ಮುಖದ ಮೇಲೆ ಇಷ್ಟೊಂದು ಇರುವೆ ಯಾಕಿವೆ?’ ಎಂದು ಕೇಳಿದ.

ಆಗ ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಇರುವೆಯೇ. ಕೆನ್ನೆ, ಹಣೆ, ಕತ್ತು, ಎಲ್ಲೆಡೆ ಕಪ್ಪು ಚುಕ್ಕೆ. ಚೌಕಳಿ ಸೀರೆಯ ಒಂದೊಂದು ಚೌಕವೂ ಒಂದೊಂದು ಖಾನೆಯಾಗಿ ಮೊಣಕಾಲಿನ ಮೇಲೆಯೇ ನೂರಾರು ಖಾನೆ. ಮೊರದಲ್ಲಿದ್ದ ಅವರೆಕಾಯಿ ರಾಶಿ ಕಪ್ಪು ಹಿಟ್ಟಿನಂತೆ ಕಂಡಿತು. ಸವೆದ ಕ್ರೆಯಾನಿನ ತುದಿಯೇ ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರ್ ಅಗಲ ಇರುತ್ತದೆ. ಸಾಸಿವೆಯಷ್ಟಗಲದ ಖಾನೆಯಲ್ಲಿ ಆ ಮಗು ಏನು ತುಂಬಬೇಕು? ಆದರೆ ಇದಕ್ಕಿಂತ ವಿಚಿತ್ರ ಎಂದರೆ, ಇರಬೇಕಾದ ಕಡೆ ಗೆರೆಯೇ ಇರಲಿಲ್ಲ. ಅಜ್ಜಿಯ ತಲೆಗೆ ಮೇಲಂಚೇ ಇಲ್ಲ. ಬೆಳ್ಳಗಿನ ಕೂದಲು ಹಿಂದಿನ ಸುಣ್ಣದ ಗೋಡೆಯೊಳಗೆ ಕರಗಿಹೋಗಿತ್ತು. ಗೋಡೆಯ ಮೇಲೆ ಬಿದ್ದಿದ್ದ ಕಿಟಕಿ ಸರಳುಗಳ ನೆರಳು ಮಾತ್ರ ಹಾಳೆಯಲ್ಲೇ ಎಲ್ಲಕ್ಕಿಂತ ದಪ್ಪನೆಯ ಗೆರೆಯಾಗಿ ನಿಂತಿತ್ತು. ಅಜ್ಜಿಗಿಂತ ನೆರಳಿಗೇ ಮರ್ಯಾದೆ!

ಕೈಯಿಂದ ಎಳೆದ ಯಾರಾದರೂ ಅಜ್ಜಿಯ ತಲೆ ಬಿಟ್ಟು ನೆರಳನ್ನು ಎಳೆಯುತ್ತಾರೆಯೇ? ನನಗೆ ಅನುಮಾನ ಬಂದದ್ದು ಇಲ್ಲಿ. ಅಕ್ಕನ ಮಗ ಆ ಹೊತ್ತಿಗೆ ಮನೆಯಲ್ಲಿದ್ದ, ಕಾಲೇಜು ಓದುವ ಹುಡುಗ. ಹಾಳೆ ನೋಡಿದವನೇ ‘ಚಿಕ್ಕಮ್ಮಾ, ಮೂಲ ಫೋಟೊ ಕೊಡಿ’ ಎಂದ. ತನ್ನ ಮೊಬೈಲಿನ ಆ್ಯಪ್‌ನಲ್ಲಿ ಫೋಟೊ ತೆರೆದ, ಸ್ಕೆಚ್ ಫಿಲ್ಟರ್ ಒತ್ತಿದ, ನನ್ನ ಕೈಗಿಟ್ಟ. ಎಡಗೆನ್ನೆಯ ಚುಕ್ಕೆಗಳನ್ನು ಎಣಿಸಿದೆವು. ಅದೇ ಚುಕ್ಕೆ, ಅದೇ ಜಾಗ, ಅದೇ ನೆರಳು, ಅದೇ ಇಲ್ಲದ ತಲೆ. ಪುಟಕ್ಕೆ 250 ರೂಪಾಯಿ ಕೊಟ್ಟದ್ದು ಈ ಒಂದು ಒತ್ತಿಗೆ. ಕೈಯಿಂದ ಎಳೆಯುತ್ತಾರೆ ಎಂದು ನಂಬಿ ಕೊಟ್ಟದ್ದು. ಬರೆಯುವಾಗಲೂ ಮೈ ಉರಿಯುತ್ತದೆ.

ಅವನು ವಿವರಿಸಿದ ಮೇಲೆ ಅರ್ಥವಾಯಿತು. ಫಿಲ್ಟರ್‌ಗೆ ಅಜ್ಜಿ, ಮೊರ, ಸೀರೆ ಯಾವುದೂ ತಿಳಿಯುವುದಿಲ್ಲ. ಫೋಟೊದಲ್ಲಿ ಬೆಳಕು ಎಲ್ಲಿ ತಟ್ಟನೆ ಬದಲಾಗುತ್ತದೆಯೋ ಅಲ್ಲಿ ಗೆರೆ ಹಾಕುತ್ತದೆ. ನೆರಳಿನ ಅಂಚಿನಲ್ಲಿ ಬೆಳಕು ತಟ್ಟನೆ ಬದಲಾಗುತ್ತದೆ, ಆದ್ದರಿಂದ ದಪ್ಪ ಗೆರೆ. ಬಿಳಿ ಕೂದಲಿಗೂ ಬಿಳಿ ಗೋಡೆಗೂ ಬೆಳಕಿನಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ ಗೆರೆಯಿಲ್ಲ. ಚರ್ಮದ ಸುಕ್ಕು, ಮಂದ ಬೆಳಕಿನಲ್ಲಿ ತೆಗೆದ ಫೋಟೊದ ಕಾಳುಕಾಳು, ಎಲ್ಲವೂ ಚುಕ್ಕೆಯಾಗುತ್ತವೆ. ಇದನ್ನು ಬಣ್ಣ ತುಂಬುವ ಚಿತ್ರ ಎಂದು ಮಾರುವುದು ಮೋಸ. ಬೇರೆ ಹೆಸರಿಲ್ಲ.

ಇನ್ನು ಅವರ ಉತ್ತರಗಳು. ಮೊದಲು ನಾನು ಮರ್ಯಾದೆಯಿಂದಲೇ ಕೇಳಿದೆ. ‘ಮೇಡಂ, ಇದು ಪ್ರೀಮಿಯಂ ಕೆಲಸ. ವಿವರ ಹೆಚ್ಚಿದ್ದಷ್ಟೂ ಮಕ್ಕಳಿಗೆ ಏಕಾಗ್ರತೆ ಬರುತ್ತದೆ’ ಎಂದರು. ನಾಲ್ಕು ವರ್ಷದ ಮಗುವಿಗೆ! ವಿವರ ಬೇಡ ಎಂದು ನಾನೇ ಬರೆದಿದ್ದೆನಲ್ಲ ಎಂದರೆ, ‘ನಿಮ್ಮ ಫೋಟೊ ಸರಿಯಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಹೀಗೆಯೇ’ ಎಂದರು. ಫೋಟೊ ಕುಗ್ಗಬಾರದೆಂದು ನಾನು ಎಲ್ಲವನ್ನೂ ಡಾಕ್ಯುಮೆಂಟ್ ಆಗಿಯೇ ಕಳುಹಿಸಿದ್ದೆ. ಅದನ್ನು ತೋರಿಸಿದೆ. ಒಂದು ಗಂಟೆ ಉತ್ತರವಿಲ್ಲ. ಗೆರೆಯನ್ನಾದರೂ ದಪ್ಪ ಮಾಡಿಕೊಡಿ, ಹುಟ್ಟುಹಬ್ಬ ನಾಳೆಯೇ ಇದೆ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಐದೇ ನಿಮಿಷಕ್ಕೆ ಎಂಟೂ ಪುಟ ಹೊಸದಾಗಿ ಬಂದವು. ಗೆರೆ ದಪ್ಪವಾಗಿತ್ತು, ಜೊತೆಗೆ ಚುಕ್ಕೆಗಳೂ ದಪ್ಪವಾಗಿದ್ದವು. ಇರುವೆ ಹೋಗಿ ಜೀರುಂಡೆಯಾಗಿತ್ತು. ಅಜ್ಜಿಯ ಎರಡು ಕಣ್ಣೂ ಮಸಿಯಿಂದ ಮುಚ್ಚಿಹೋಗಿದ್ದವು. ಇದೇನು ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ಅಕ್ಷರ ಬದಲಿಸದೆ ಕೊಡುತ್ತೇನೆ: ‘ದಪ್ಪ ಕೇಳಿದಿರಿ, ದಪ್ಪ ಕೊಟ್ಟಿದ್ದೇನೆ.’

ಆ ಆನೆಯನ್ನು ಯಾವ ಫೋಟೊದಿಂದ ಮಾಡಿದಿರಿ, ಮೂಲ ಫೋಟೊ ತೋರಿಸಿ ಎಂದು ಕೇಳಿದೆ. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಫೋಟೊ ಮತ್ತು ಅದರಿಂದ ಮಾಡಿದ ಚಿತ್ರ, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಚಂದದ ಸಿದ್ಧ ಚಿತ್ರವನ್ನು ಯಾರು ಬೇಕಾದರೂ ತೋರಿಸಬಹುದು.

ಹುಟ್ಟುಹಬ್ಬದ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಕ್ಕಳು ಪುಸ್ತಕ ತೆರೆದರು, ಮುಚ್ಚಿದರು. ಒಬ್ಬ ಹುಡುಗಿ ಹಾಳೆ ತಿರುಗಿಸಿ ಹಿಂಬದಿಯ ಖಾಲಿ ಜಾಗದಲ್ಲಿ ತನ್ನದೇ ಮನೆ ಬಿಡಿಸಿಕೊಂಡಳು. ಅವಳ ತಾಯಿ ನನ್ನನ್ನು ನೋಡಿ ಮೆಲ್ಲಗೆ ನಕ್ಕರು.

ಆ ವಾರದ ಭಾನುವಾರ ಹಟಕ್ಕೆ ಬಿದ್ದು ಅಜ್ಜಿಯ ಚಿತ್ರವನ್ನು ನಾನೇ ಮಾಡಿದೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಫೋಟೊವನ್ನು ಎ4 ಹಾಳೆಯ ತುಂಬ ಮುದ್ರಿಸಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಬಿಳಿ ಹಾಳೆ ಇಟ್ಟು ಮೊದಲು ಪೆನ್ಸಿಲಿನಲ್ಲಿ ತಿದ್ದಿದೆ. ಅಂಚು ಕಾಣುತ್ತದೆ, ಅಷ್ಟು ಸಾಕು. ನಿಜವಾದ ಕೆಲಸ ಇರುವುದು ಏನನ್ನು ಬಿಡಬೇಕು ಎಂದು ನಿರ್ಧರಿಸುವುದರಲ್ಲಿ. ಕಿಟಕಿಯ ನೆರಳು ಬಿಟ್ಟೆ, ಗೋಡೆಯ ಬಿರುಕು ಬಿಟ್ಟೆ. ಸೀರೆಯ ಚೌಕಳಿ ತೆಗೆದು ಅಂಚು ಮತ್ತು ಸೆರಗು ಮಾತ್ರ ಉಳಿಸಿದೆ. ರಾಶಿಯ ಬದಲು ಹೆಬ್ಬೆರಳಿನಷ್ಟು ದೊಡ್ಡ ಏಳು ಅವರೆಕಾಯಿ. ಮುಖದಲ್ಲಿ ನಗುವಿನ ಎರಡು ಗೆರೆ ಬಿಟ್ಟರೆ ಒಂದು ಸುಕ್ಕೂ ಇಲ್ಲ. ಕಾಣದ ತಲೆಯ ಅಂಚನ್ನು ಅಂದಾಜಿನಲ್ಲಿ ಎಳೆದೆ. ಯಾವ ಖಾನೆಗೂ ನನ್ನ ಹೆಬ್ಬೆರಳ ತುದಿ ಹಿಡಿಸಬೇಕು, ಹಿಡಿಸದಿದ್ದರೆ ಪಕ್ಕದ ಖಾನೆಗೆ ಸೇರಿಸಬೇಕು ಎಂಬ ಒಂದೇ ಲೆಕ್ಕ ಇಟ್ಟುಕೊಂಡೆ.

ಆಮೇಲೆ ಮಾರ್ಕರ್. ಒಳಗಿನ ಗೆರೆ ಎರಡು ಮಿಲಿಮೀಟರ್, ದೇಹದ ಹೊರಗೆರೆಯ ಮೇಲೆ ಇನ್ನೊಮ್ಮೆ ಎಳೆದು ಮೂರು ಮಿಲಿಮೀಟರ್. ಹೊರಗೆರೆ ದಪ್ಪಗಿದ್ದರೆ ಮಗುವಿನ ಕೈ ಸ್ವಲ್ಪ ಜಾರಿದರೂ ಬಣ್ಣ ಗೆರೆಯೊಳಗೇ ನಿಲ್ಲುತ್ತದೆ. ಪೆನ್ಸಿಲ್ ಅಳಿಸಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆ. ಅಕ್ಕನ ಮಗ ಅದನ್ನು ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಥ್ರೆಶೋಲ್ಡ್ ಕೊಟ್ಟ. ಅಂದರೆ ಬೂದು ಎಂಬುದೇ ಇಲ್ಲ, ಪ್ರತಿ ಚುಕ್ಕೆಯೂ ಕಪ್ಪು ಅಥವಾ ಬಿಳಿ. ಫೋಟೊ ಮೇಲೆ ನೇರವಾಗಿ ಕೊಟ್ಟರೆ ಇದೇ ಥ್ರೆಶೋಲ್ಡ್ ಚುಕ್ಕೆಗಳ ಮಳೆ ಸುರಿಸುತ್ತದೆ. ಮಾರ್ಕರ್ ಗೆರೆ ಮತ್ತು ಬಿಳಿ ಹಾಳೆಯ ಮೇಲಾದರೆ ಗೆರೆ ಮಾತ್ರ ಉಳಿಯುತ್ತದೆ.

ಕೊನೆಗೆ ಅವನು ಒಂದು ಪರೀಕ್ಷೆ ಮಾಡಿದ. ಬಣ್ಣ ಸುರಿಯುವ ಬಕೆಟ್ ಗುರುತು ಆರಿಸಿ ಸೀರೆಯ ಮೇಲೆ ಒತ್ತಿದ. ಸೀರೆ ಕೆಂಪಾಯಿತು, ಜೊತೆಗೆ ಜಗಲಿಯೂ ಕೆಂಪಾಯಿತು. ಸೆರಗಿನ ಬಳಿ ಗೆರೆ ಕೂದಲೆಳೆಯಷ್ಟು ತೆರೆದಿತ್ತು. ಮುಚ್ಚಿ ಮತ್ತೆ ಸುರಿದ, ಬಣ್ಣ ಸೀರೆಯಲ್ಲೇ ನಿಂತಿತು. ಅದೇ ಪರೀಕ್ಷೆಯನ್ನು ಅವರು ಕೊಟ್ಟ ಫೈಲಿನ ಮೇಲೂ ಮಾಡಿದೆವು. ಅಜ್ಜಿಯ ಹಣೆಯ ಮೇಲೆ ಒತ್ತಿದರೆ ಇಡೀ ಗೋಡೆ ಕೆಂಪಾಯಿತು. ಅದರ ಚಿತ್ರ ತೆಗೆದು ಅವರಿಗೆ ಕಳುಹಿಸಿದೆ. ನೀವೂ ಹೀಗೆಯೇ ಮಾಡಿ, ಪೂರ್ತಿ ಹಣ ಹಾಕುವ ಮೊದಲು ಮಾಡಿ. ನಿಮ್ಮದೇ ಫೋಟೊದ ಒಂದು ಪುಟ ಮಾಡಿಸಿಕೊಳ್ಳಿ, ಅದರ ದುಡ್ಡು ಕೊಡಿ, ಎ4ನಲ್ಲಿ ಮುದ್ರಿಸಿ ಮಗುವಿನ ಕೈಗೆ ಕೊಟ್ಟು ನೋಡಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ನನ್ನ ಆ ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನಿಜವಾಗಿ ಕುಳಿತು ಮಾಡುವವರು 250 ಕೇಳಿದರೆ ನಾನು ಈಗಲೂ ಸಂತೋಷದಿಂದ ಕೊಡುತ್ತೇನೆ. ಮಾಡದ ಕೆಲಸಕ್ಕೆ ಕೊಟ್ಟೆನಲ್ಲ ಎಂಬುದೇ ನೋವು.

ಹಣ ವಾಪಸ್ ಕೇಳಿದ್ದಕ್ಕೆ ಅವರ ಕೊನೆಯ ಸಂದೇಶ ಹೀಗಿತ್ತು: ‘ಇಲ್ಲಿಯವರೆಗೆ ದೂರು ಹೇಳಿದವರು ನೀವೊಬ್ಬರೇ ಮೇಡಂ.’ ಅದರ ನಂತರ ನನ್ನ ನಂಬರನ್ನು ಬ್ಲಾಕ್ ಮಾಡಿದರು. ನಿನ್ನೆ ಆನೆಯನ್ನು ನೋಡಿದ್ದು ಅಕ್ಕನ ಮಗನ ಮೊಬೈಲಿನಲ್ಲಿ. ಇವರಿಂದ, ಅಥವಾ ಇಂಥವರಿಂದ, ಇದೇ ರೀತಿ ಇರುವೆ ತುಂಬಿದ ಪುಟ ಪಡೆದವರು ಇದ್ದರೆ ನಾಚಿಕೆಪಡದೆ ಕೆಳಗೆ ಬರೆಯಿರಿ. ಪುಟದ ಚಿತ್ರವನ್ನೂ ಹಾಕಿ, ಮೂಲ ಫೋಟೊವನ್ನು ಪಕ್ಕದಲ್ಲೇ ಇಟ್ಟು.