ಕೂದಲಿನ ಬಣ್ಣ ಬದಲಾಯಿಸಿದ ಫೋಟೋ ಪ್ರಿಂಟ್‌ಗೆ ಕಳಿಸುವ ಮುಂಚೆ ಹಿಂದಿನ ಎಲೆಗಳನ್ನು ನೋಡಿ

ಫೋಟೋ ಎಡಿಟಿಂಗ್ ಹೊರಗೆ ಕೊಡುವ ಸ್ಟುಡಿಯೋದವರು, ಆಲ್ಬಮ್ ಮಾಡುವವರು ಇದನ್ನು ಒಮ್ಮೆ ಓದಿ. ಗಾಳಿಗೆ ಹಾರಿದ ಕೂದಲು, ಹಿಂದೆ ಗಿಡ ಮರ ಎಲ್ಲ ಗಜಿಬಿಜಿ, ಅದರಲ್ಲಿ ಕೂದಲಿನ ಬಣ್ಣ ಮಾತ್ರ ಬದಲಾಗಬೇಕು. ಇಂಥ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ. ಫೋನಿನಲ್ಲಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಪ್ರಿಂಟ್ ಬಂದಾಗ ಗೊತ್ತಾಗುತ್ತದೆ.

ನಾನು ಆಲ್ಬಮ್ ಡಿಸೈನ್ ಮಾಡುವವನು. ಸ್ಟುಡಿಯೋ ಇಟ್ಟಿರುವ ಗೆಳೆಯನೊಬ್ಬ ಮದುವೆಗೆ ಮುಂಚಿನ ಫೋಟೋಗಳನ್ನು ಅಡಿಕೆ ತೋಟದಲ್ಲಿ ತೆಗೆದಿದ್ದ. ಹುಡುಗಿ ಕೂದಲು ಬಿಟ್ಟಿದ್ದಳು, ಗಾಳಿ ಇತ್ತು, ಬಲಗಡೆ ಹಿಂದಿನಿಂದ ಸಂಜೆ ಬಿಸಿಲು. ಒಳ್ಳೆಯ ಫೋಟೋ. ಕವರ್ ಸ್ಪ್ರೆಡ್‌ಗೆ ಅದೇ ಬೇಕು, ಆದರೆ ಮದುವೆ ದಿನ ಹಾಕಿಸಿಕೊಂಡಿದ್ದ ಬರ್ಗಂಡಿ ಬಣ್ಣ ಇದರಲ್ಲೂ ಕಾಣಬೇಕು ಅಂತ ಅವಳ ಆಸೆ. ಗೆಳೆಯ ಆನ್‌ಲೈನಿನಲ್ಲಿ ಸಿಕ್ಕ ಒಂದು ಎಡಿಟಿಂಗ್ ಸರ್ವಿಸಿಗೆ ಕಳಿಸಿದ. ಮರುದಿನವೇ ಜೆಪೆಗ್ ಬಂತು, ಹನ್ನೆರಡು ಬೈ ಮೂವತ್ತಾರು ಸ್ಪ್ರೆಡ್‌ನಲ್ಲಿ ಕೂತು ಲ್ಯಾಬಿಗೂ ಹೋಯಿತು. ಆಲ್ಬಮ್ ಬಿಡಿಸಿದ ತಕ್ಷಣ ಹುಡುಗಿಯ ಚಿಕ್ಕಮ್ಮ ಕೇಳಿದ್ದು, "ಇದೇನ್ರೀ, ತಲೆ ಸುತ್ತ ಎಲೆ ಎಲ್ಲ ಒಣಗಿದ ಹಾಗಿದೆಯಲ್ಲ?"

ಅವರು ಹೇಳಿದ್ದು ಸರಿ. ತಲೆಯ ಸುತ್ತ ಒಂದು ಬೆರಳಿನಷ್ಟು ಅಗಲಕ್ಕೆ ಹಸಿರು ಎಲೆಗಳು ಕಂದು ತಿರುಗಿದ್ದವು. ಹಾರುವ ಎಳೆಗಳಲ್ಲಿ ಕೆಲವು ಮಾಯ, ಕೆಲವು ಜೋಡಿ: ಒಂದು ಕೆಂಪು ಎಳೆ, ಅದರ ಪಕ್ಕದಲ್ಲೇ ಹಳೆಯ ಕಪ್ಪು ನೆರಳು. ಸರ್ವಿಸಿನವರಿಗೆ ಫೋನ್ ಮಾಡಿದರೆ "ಬ್ಯಾಕ್‌ಗ್ರೌಂಡ್ ತುಂಬಾ ಬಿಜಿ ಇದೆ ಸಾರ್, ಇಷ್ಟೇ ಬರೋದು" ಅಂದರು. ಜಗಳ ಆಡಿದ ಮೇಲೆ ಪದರಗಳೆಲ್ಲ ಬೇರೆ ಬೇರೆ ಇರುವ ಫೋಟೋಶಾಪ್ ಫೈಲ್, ಅಂದರೆ ಪಿಎಸ್‌ಡಿ ಕಳಿಸಿದರು. ಅದನ್ನು ತೆರೆದಾಗ ಏನು ಮಾಡಿದ್ದಾರೆ ಅಂತ ಗೊತ್ತಾಯಿತು.

ಮೊದಲು ಎಲೆ ಯಾಕೆ ಕಂದಾಯಿತು ಅಂತ ಹೇಳುತ್ತೇನೆ. ಹಾರುವ ಒಂದು ಎಳೆ ಎಷ್ಟೋ ಸಲ ಫೋಟೋದ ಒಂದು ಪಿಕ್ಸೆಲ್‌ಗಿಂತ ತೆಳ್ಳಗಿರುತ್ತದೆ. ಹಾಗಾಗಿ ಆ ಪಿಕ್ಸೆಲ್‌ನಲ್ಲಿ ಇರುವುದು ಬರೀ ಕೂದಲಲ್ಲ, ಕೂದಲು ಮತ್ತು ಹಿಂದಿನ ಎಲೆ ಬೆರೆತ ಬಣ್ಣ. ಮೂವತ್ತು ಪಾಲು ಕೂದಲು, ಎಪ್ಪತ್ತು ಪಾಲು ಎಲೆ ಇದ್ದಲ್ಲಿ ಬಣ್ಣ ಎಲ್ಲಿ ಎಷ್ಟು ಬೀಳಬೇಕು ಅಂತ ಹೇಳುವ ಮಾಸ್ಕ್ ಕೂಡ ಮೂವತ್ತು ಪಾಲು ಬಿಳುಪಿನ ಬೂದು ಆಗಿರಬೇಕು. ಹಿಂದೆ ಬರೀ ಗೋಡೆ ಇದ್ದರೆ ಸಾಫ್ಟ್‌ವೇರ್ ಇದನ್ನು ಚೆನ್ನಾಗಿ ಊಹಿಸುತ್ತದೆ, ಯಾಕೆಂದರೆ ಹಿಂದಿನ ಬಣ್ಣ ಎಲ್ಲ ಕಡೆ ಒಂದೇ. ತೋಟದಲ್ಲಿ ಹಾಗಲ್ಲ. ಹೊಳೆಯುವ ಎಲೆ, ಪಕ್ಕದಲ್ಲೇ ಕಪ್ಪು ಸಂದು, ಅದರಾಚೆ ಆಕಾಶದ ಚೂರು. ಎಲೆ ನಡುವಿನ ಕಪ್ಪು ಸಂದಿಗೂ ಕಪ್ಪು ಕೂದಲಿಗೂ ವ್ಯತ್ಯಾಸವೇ ತಿಳಿಯದೆ ಅದು ಸಂದನ್ನೂ ಕೂದಲು ಅಂತ ಹಿಡಿಯುತ್ತದೆ. ಸಂದಿನ ಜೊತೆ ಪಕ್ಕದ ಎಲೆಯ ಮೇಲೂ ಕೆಂಪು ಬಿದ್ದರೆ ಹಸಿರು ಕೆಂಪು ಸೇರಿ ಕಂದು, ಇನ್ನೇನಾಗುತ್ತೆ.

ಅವರ ಪಿಎಸ್‌ಡಿಯಲ್ಲಿ ಮಾಸ್ಕ್ ಇತ್ತು. Shift ಒತ್ತಿ ಅದರ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಆಫ್ ಆಗುತ್ತದೆ. ಆಫ್ ಮಾಡಿದಾಗ ಮೂಲ ಫೋಟೋ ಕಾಣಬೇಕಿತ್ತು. ಕಂಡಿದ್ದು ತಲೆಯ ಅಂಚಿನಿಂದ ಹೊರಗೆ ಕೂದಲಿನ ಬಣ್ಣವನ್ನು ಬೆರಳಿನಿಂದ ಸವರಿದ ಹಾಗೆ ಒಂದು ಕಲೆ. Select and Mask ಒಳಗೆ Decontaminate Colors ಟಿಕ್ ಮಾಡಿದ್ದಾರೆ ಅನ್ನುವುದಕ್ಕೆ ಇದೇ ಗುರುತು. ಆ ಟಿಕ್ ಅಂಚಿನ ಪಿಕ್ಸೆಲ್‌ಗಳ ಬಣ್ಣವನ್ನೇ ತೆಗೆದು ಪಕ್ಕದ ಕೂದಲಿನ ಬಣ್ಣ ತುಂಬುತ್ತದೆ. ಹುಡುಗಿಯನ್ನು ಕತ್ತರಿಸಿ ಬೇರೆ ಬ್ಯಾಕ್‌ಗ್ರೌಂಡ್‌ಗೆ ಹಾಕುವಾಗ ಅದು ಉಪಯೋಗಕ್ಕೆ ಬರುತ್ತದೆ, ಹಳೆ ಹಸಿರು ಅಂಚಿನಲ್ಲಿ ಉಳಿಯುವುದಿಲ್ಲ. ಆದರೆ ಇಲ್ಲಿ ಬ್ಯಾಕ್‌ಗ್ರೌಂಡ್ ಅದೇ ಇರಬೇಕಲ್ವಾ? ಕೆಳಗೆ ಮೂಲ ಎಳೆಗಳು ಹಾಗೇ ಇವೆ, ಮೇಲೆ ಇವರು ಸವರಿದ ಪದರ ಕೂತಿದೆ. ಎಳೆ ಜೋಡಿಯಾಗಿದ್ದು ಹೀಗೆ. ಬ್ಯಾಕ್‌ಗ್ರೌಂಡ್ ಬದಲಾಗದ ಕೆಲಸದಲ್ಲಿ ಆ ಟಿಕ್ ಬೇಡವೇ ಬೇಡ.

ಜೊತೆಗೆ Smooth ಮತ್ತು Contrast ಕೂಡ ಎಳೆದಿರಬೇಕು ಅಂತ ನನ್ನ ಅನುಮಾನ, ಮಾಸ್ಕ್‌ನ ಅಂಚು ಹೆಲ್ಮೆಟ್ ತರ ನುಣ್ಣಗಿತ್ತು. ಭುಜಕ್ಕೆ ಅವು ಒಳ್ಳೆಯವೇ. ಕೂದಲಿಗೆ ಎರಡನ್ನೂ ಸೊನ್ನೆಯಲ್ಲೇ ಬಿಡಬೇಕು. Global Refinements ಇಡೀ ಅಂಚಿಗೆ ಒಂದೇ ಸಲ ತಗಲುವುದರಿಂದ ಭುಜಕ್ಕೂ ಕೂದಲಿಗೂ ಬೇರೆ ಬೇರೆ ಮಾಸ್ಕ್ ಮಾಡುವುದೇ ಸರಿ.

ಕೊನೆಗೆ ರಾ ಫೈಲ್ ತರಿಸಿಕೊಂಡು ನಾನೇ ಕೂತೆ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅದರ ಕಂಪ್ರೆಷನ್ನಿನಲ್ಲಿ ತೆಳು ಎಳೆಗಳ ಬಣ್ಣ ಆಗಲೇ ಹಿಂದಿನ ಎಲೆಗೆ ಕಲಸಿಹೋಗಿರುತ್ತದೆ.

ಇಡೀ ತಲೆಗೆ ಒಂದೇ ಆಯ್ಕೆ ಮಾಡಲು ಹೋಗಲಿಲ್ಲ. ಅಂಚಿನಲ್ಲಿ ಎಲ್ಲೆಲ್ಲಿ ಹಿಂದೆ ಏನಿದೆ ಅಂತ ನೋಡಿ ಮೂರು ಭಾಗ ಮಾಡಿಕೊಂಡೆ. ಎಡಗಡೆ ಬಿಸಿಲು ಬಿದ್ದ ಮೆಣಸಿನ ಬಳ್ಳಿ. Channels ಪ್ಯಾನೆಲ್‌ನಲ್ಲಿ ಒಂದೊಂದೇ ಚಾನೆಲ್ ನೋಡಿದರೆ ಹಸಿರು ಎಲೆ ಗ್ರೀನ್ ಚಾನೆಲ್‌ನಲ್ಲಿ ಎಲ್ಲಕ್ಕಿಂತ ಬೆಳ್ಳಗಿರುತ್ತದೆ, ಕೂದಲು ಕಪ್ಪಗೇ ಇರುತ್ತದೆ. ಆದ್ದರಿಂದ ಅಲ್ಲಿಗೆ ಗ್ರೀನ್. ನೆತ್ತಿಯ ಮೇಲೆ ಆಕಾಶದ ಚೂರುಗಳು, ಅಲ್ಲಿಗೆ ಬ್ಲೂ. ಬಲಗಡೆ ಕಥೆಯೇ ಉಲ್ಟಾ. ಹಿಂದಿನ ಬಿಸಿಲಿಗೆ ಎಳೆಗಳು ಚಿನ್ನದ ಹಾಗೆ ಹೊಳೆಯುತ್ತಿವೆ, ಹಿಂದೆ ಕಪ್ಪು ನೆರಳು. ಅಲ್ಲಿ ರೆಡ್ ಚಾನೆಲ್‌ನಲ್ಲಿ ಎಳೆಗಳೇ ಬೆಳ್ಳಗೆ ಎದ್ದು ಕಾಣುತ್ತಿದ್ದವು.

ಚಾನೆಲ್ ಮೇಲೆ ನೇರವಾಗಿ ಕೆಲಸ ಮಾಡಿದರೆ ಫೋಟೋದ ಬಣ್ಣವೇ ಕೆಡುತ್ತದೆ, ಆದ್ದರಿಂದ ಮೂರಕ್ಕೂ ನಕಲು ಮಾಡಿಕೊಂಡೆ. ಗ್ರೀನ್, ಬ್ಲೂ ನಕಲುಗಳನ್ನು Invert ಮಾಡಿದೆ, ಕೂದಲು ಬೆಳ್ಳಗಾಯಿತು. ರೆಡ್‌ಗೆ ಅದು ಬೇಕಿಲ್ಲ. ಆಮೇಲೆ Levels. ಇಲ್ಲಿ ಕೈ ಹಿಡಿತದಲ್ಲಿರಬೇಕು. ಎರಡೂ ಕಡೆಯಿಂದ ಗಟ್ಟಿಯಾಗಿ ಎಳೆದು ಪೂರ್ತಿ ಕಪ್ಪು ಬಿಳುಪು ಮಾಡಿದರೆ ನೋಡಲು ಸ್ಪಷ್ಟ ಅನ್ನಿಸುತ್ತದೆ, ಆದರೆ ತೆಳು ಎಳೆಗಳು ಒಂದೋ ದಪ್ಪ ದಾರವಾಗುತ್ತವೆ, ಇಲ್ಲ ಅಳಿಸಿಯೇ ಹೋಗುತ್ತವೆ. ಎಳೆ ಬೂದಾಗಿಯೇ ಇರಲಿ. ಕಡಿಮೆ ಬಿದ್ದ ಕಡೆ ಬ್ರಷ್‌ನ ಮೋಡ್ Overlay ಇಟ್ಟು, ಇಪ್ಪತ್ತು ಇಪ್ಪತ್ತೈದು ಒಪಾಸಿಟಿಯಲ್ಲಿ ಬಿಳಿ ಬಳಿದೆ. ಆ ಮೋಡ್‌ನಲ್ಲಿ ಬಿಳಿ ಬ್ರಷ್ ಈಗಾಗಲೇ ತಿಳಿ ಇರುವುದನ್ನು ಇನ್ನೂ ತಿಳಿ ಮಾಡುತ್ತದೆ, ಪೂರ್ತಿ ಕಪ್ಪನ್ನು ಮುಟ್ಟುವುದಿಲ್ಲ. ಎಲೆ ನಡುವಿನ ಸಂದುಗಳು ಇಲ್ಲೂ ಕೂದಲಿನ ಜೊತೆ ಬೆಳ್ಳಗೆ ಬಂದವು. ಅವನ್ನು ಸಾಧಾರಣ ಬ್ರಷ್‌ನಲ್ಲಿ ಕಪ್ಪು ಬಳಿದು ಮುಚ್ಚಿದೆ. ಸಂದಿನ ಮೇಲೆ ಹಾದ ಎಳೆ ಅಲ್ಲಿ ತುಂಡಾಗುತ್ತದೆ, ಆದರೆ ಕಪ್ಪು ಸಂದಿನ ಮೇಲೆ ಕಪ್ಪು ಎಳೆ ಮೂಲದಲ್ಲೂ ಕಾಣುತ್ತಿರಲಿಲ್ಲ.

ಹೀಗೆ ತಯಾರಾದ ನಕಲುಗಳೇ ಬಣ್ಣಕ್ಕೆ ಮಾಸ್ಕ್. ಇನ್ನು ಬಣ್ಣ. ಕಪ್ಪು ಕೂದಲಿಗೆ Color ಮೋಡ್‌ನಲ್ಲಿ ಬರ್ಗಂಡಿ ಹಾಕಿದರೆ ಹೆಚ್ಚೇನೂ ಕಾಣುವುದಿಲ್ಲ, ಮೊದಲು Curves ಹಾಕಿ ಕೂದಲನ್ನು ಸ್ವಲ್ಪ ತಿಳಿ ಮಾಡಲೇಬೇಕು. ಸುಮ್ನೆ ಅದೇ ಮಾಸ್ಕ್ ಎರಡಕ್ಕೂ ಹಾಕಿಬಿಡುತ್ತಾರೆ, ಆಗ ಬೂದು ಅಂಚಿನ ಎಲೆಗಳೂ ತಿಳಿಯಾಗಿ ತಲೆಯ ಸುತ್ತ ಒಂದು ಪ್ರಭಾವಳಿ ಹುಟ್ಟುತ್ತದೆ. ನಾನು Curves‌ಗೆ ಬಿಗಿಯಾದ ಮಾಸ್ಕ್ ಕೊಟ್ಟೆ, ಬರೀ ದಟ್ಟ ಕೂದಲಿನ ಭಾಗ, ಅಂಚಿನಲ್ಲಿ ಮೆತ್ತಗೆ. ಹಾರುವ ಎಳೆಗಳಿಗೆ ಬಣ್ಣದ ಪದರ ಮಾತ್ರ. ಎಡ ಮತ್ತು ನೆತ್ತಿಯ ಬಣ್ಣದ ಪದರದ Layer Style ತೆರೆದು, Blend If ಅನ್ನುವಲ್ಲಿ Green ಆರಿಸಿ, Underlying Layer ಪಟ್ಟಿಯ ಬಿಳಿ ತ್ರಿಕೋನವನ್ನು Alt ಒತ್ತಿ ಎರಡಾಗಿ ಸೀಳಿದೆ. ಈ ಫೋಟೋಗೆ ಒಂದು ತುದಿ 70ರ ಆಸುಪಾಸು, ಇನ್ನೊಂದು 120ರ ಹತ್ತಿರ ಕೂತಿತು, ನಿಮ್ಮದರಲ್ಲಿ ಬೇರೆ ಇರುತ್ತದೆ. ಇದರಿಂದ ಹೊಳೆಯುವ ಎಲೆಯ ಮೇಲೆ ಬಣ್ಣ ಬೀಳುವುದೇ ನಿಂತುಹೋಯಿತು. ಬಲಗಡೆಗೆ ಬೇರೆ ಬಣ್ಣದ ಪದರ, ಅದಕ್ಕೆ Blend If ಇಲ್ಲ, ಇಟ್ಟರೆ ಹೊಳೆಯುವ ಎಳೆಗಳೇ ಹೊರಗುಳಿಯುತ್ತವೆ. ಅಲ್ಲಿ ಹಿಂದೆ ಕಪ್ಪು ನೆರಳಿರುವುದರಿಂದ ಮಾಸ್ಕ್ ಸ್ವಲ್ಪ ಹೆಚ್ಚು ಕಡಿಮೆಯಾದರೂ ಕಾಣುವುದಿಲ್ಲ.

ಕಿವಿಯ ಮೇಲೆ ನಾಲ್ಕೈದು ಎಳೆಗಳು ಯಾವ ಚಾನೆಲ್‌ಗೂ ಸಿಗಲಿಲ್ಲ. ಅವನ್ನು ಹೊಸ ಪದರದಲ್ಲಿ ಒಂದೆರಡು ಪಿಕ್ಸೆಲ್‌ನ ಬ್ರಷ್‌ನಿಂದ ಕೈಯಲ್ಲೇ ಎಳೆದೆ, ಪಕ್ಕದ ಕೂದಲಿನಿಂದಲೇ ಬಣ್ಣ ಎತ್ತಿ. ಹೇರ್ ಸ್ಟೈಲ್ ಬದಲಾಯಿಸುವ ಕೆಲಸವಾದರೆ ಇಷ್ಟು ಸಾಲದು. ಕೂದಲಿನ ರಾಶಿಯನ್ನು ಆಚೀಚೆ ಸರಿಸಿದರೆ ಹಳೆಯ ಎಳೆಗಳು ಎಲೆಗಳ ಮೇಲೆ ಅನಾಥವಾಗಿ ನಿಲ್ಲುತ್ತವೆ. ಮೊದಲು ಅವನ್ನು Clone Stamp‌ನಿಂದ ಬೇರೆ ಪದರದಲ್ಲಿ ಅಳಿಸಿ, ಹೊಸ ಎಳೆ ಬರೆಯುವುದು ಆಮೇಲೆ.

ಹೊರಗಿನಿಂದ ಬಂದ ಫೈಲ್ ಪರೀಕ್ಷೆ ಮಾಡಲು ಇಷ್ಟೆಲ್ಲ ಬೇಕಿಲ್ಲ, ಜೆಪೆಗ್ ಕೊಟ್ಟರೂ ಸಾಕು. ಮೂಲ ಫೋಟೋವನ್ನು ಅದರ ಮೇಲೆ ಸರಿಯಾಗಿ ಕೂರಿಸಿ, ಮೋಡ್ Difference ಮಾಡಿ. ಬದಲಾಗದ ಜಾಗ ಎಲ್ಲ ಕಪ್ಪಾಗುತ್ತದೆ. ಮೇಲೊಂದು Levels ಪದರ ಹಾಕಿ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆಯಿರಿ. ಜೆಪೆಗ್‌ನ ಸಣ್ಣ ಮರಳು ಮರಳು ಎಲ್ಲ ಕಡೆ ಕಾಣುತ್ತದೆ, ಅದನ್ನು ಬಿಡಿ. ಅದರ ನಡುವೆ ಎಳೆ ಎಳೆಯಾಗಿ ಕೂದಲಿನ ಆಕಾರ ಕಂಡರೆ ಕೆಲಸ ಸರಿ ಇದೆ. ನಮ್ಮ ಫೋಟೋದಲ್ಲಿ ಕಂಡಿದ್ದು ತಲೆಯ ಸುತ್ತ ಗಟ್ಟಿ ಅಂಚಿನ ಒಂದು ದೊಡ್ಡ ಉಂಡೆ. ಪಿಎಸ್‌ಡಿ ಇದ್ದರೆ ಇನ್ನೂ ಸುಲಭ: ನೂರು ಪರ್ಸೆಂಟ್ ಝೂಮ್‌ನಲ್ಲಿ ಬಣ್ಣದ ಪದರದ ಕಣ್ಣನ್ನು ಆನ್ ಆಫ್ ಮಾಡುತ್ತಾ ಎಲೆಗಳನ್ನೇ ನೋಡಿ, ಕೂದಲನ್ನಲ್ಲ. ಎಲೆ ಬಣ್ಣ ಬದಲಿಸಿತು ಅಂದರೆ ವಾಪಸ್ ಕಳಿಸಿ. ಇಡೀ ಫೋಟೋ ಪರದೆಯಲ್ಲಿ ಹಿಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಚಿಕ್ಕದಾದಾಗ ಅಂಚಿನ ಕಂದು ಅಕ್ಕಪಕ್ಕದ ಹಸಿರಿನಲ್ಲಿ ಕರಗಿಬಿಡುತ್ತದೆ.

ಸರ್ವಿಸಿನವರು ದುಡ್ಡು ವಾಪಸ್ ಕೊಡಲಿಲ್ಲ. ಮರುಪ್ರಿಂಟಿನ ಖರ್ಚು ಗೆಳೆಯನ ತಲೆಗೇ ಬಂತು. ಈಗ ಅವನು ಹೊರಗೆ ಕೊಡುವಾಗ ಮೊದಲೇ ಬರೆದು ಒಪ್ಪಿಸಿಕೊಳ್ಳುತ್ತಾನೆ: ಮೂಲ ಪದರ ಮುಟ್ಟದೆ ಕೆಳಗಿರಬೇಕು, ಬಣ್ಣ ಬೇರೆ ಪದರದಲ್ಲಿ ಮಾಸ್ಕ್ ಸಮೇತ ಇರಬೇಕು, ಪಿಎಸ್‌ಡಿ ಕೊಡಬೇಕು, Difference ಪರೀಕ್ಷೆ ಪಾಸಾದ ಮೇಲೆಯೇ ದುಡ್ಡು. ಇಷ್ಟು ಕೇಳಿದ ಕೂಡಲೇ ಆ ಹತ್ತು ನಿಮಿಷದ ರೇಟಿನವರಲ್ಲಿ ಅರ್ಧ ಜನ ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರಂತೆ.