ಸಿಪಿಯು ಖಾಲಿ ಇದೆ ಅಂತ ನಂಬಿ ನಾನು ಕೆಟ್ಟೆ, ನೀವು `st` ನೋಡಿ

ರಾಯಚೂರಿನ ಗಂಜ್‌ನಲ್ಲಿ ಕೆಲವು ಅಡತಿ ಅಂಗಡಿಗಳಿಗೆ ಹತ್ತಿ ತೂಕದ ಚೀಟಿ ಕೊಡುವ ಸಣ್ಣ ಆಪ್ ನಡೆಸುತ್ತೇನೆ. ಅದು ಓಡುವುದು ಕ್ಲೌಡ್‌ನಲ್ಲಿರುವ 2 ವಿಸಿಪಿಯು ಮೆಷಿನ್ ಮೇಲೆ, ಇದ್ದುದರಲ್ಲೇ ಅಗ್ಗದ್ದು. ಕಳೆದ ಸೀಸನ್‌ನಲ್ಲಿ ಬೆಳಿಗ್ಗೆ 11 ಆಯ್ತು ಅಂದರೆ ಫೋನ್ ಶುರು. "ಚೀಟಿ ಬರವಲ್ದ್ರೀ, ಗಾಡಿ ಸಾಲು ನಿಂತಾವ!"

ನಾನು ಮಾಡಿಕೊಂಡಿದ್ದ ಡ್ಯಾಶ್‌ಬೋರ್ಡ್ ನೋಡಿದರೆ ಸಿಪಿಯು ಬಳಕೆ 17%. ಹಾಗಾಗಿ ಡೇಟಾಬೇಸ್ ಮೇಲೆ ಅನುಮಾನ, ಆಮೇಲೆ ಗಂಜ್‌ನ ನೆಟ್‌ವರ್ಕ್ ಮೇಲೆ. ನಾಲ್ಕು ದಿನ ಸುಮ್ನೆ ಹೋಯಿತು. ಐದನೇ ದಿನ, ಗದ್ದಲದ ಹೊತ್ತಿಗೇ `vmstat 1` ಓಡಿಸಿದೆ. ಬಲತುದಿಯ ಕಾಲಂಗಳು ಹೀಗಿದ್ದವು:

```
us sy id wa st
14  3 25  0 58
```

ನನ್ನ ಡ್ಯಾಶ್‌ಬೋರ್ಡ್ `us`, `sy` ಎರಡನ್ನೇ, ಅಂದರೆ ಆಪ್‌ಗಳು ಮತ್ತು ಕರ್ನಲ್ ಬಳಸಿದ ಸಮಯವನ್ನೇ, ಕೂಡಿಸುತ್ತಿತ್ತು. `st` ಅಂದರೆ ಸ್ಟೀಲ್: ನನ್ನ ಮೆಷಿನ್‌ಗೆ ಕೆಲಸವಿತ್ತು, ಓಡಲು ತಯಾರಿತ್ತು, ಆದರೆ ಒಂದೇ ಯಂತ್ರವನ್ನು ಹಲವು ಬಾಡಿಗೆದಾರರಿಗೆ ಹಂಚುವ ಕೆಳಗಿನ ಹೈಪರ್‌ವೈಸರ್ ಸರದಿ ಕೊಡದೆ ಕಾಯಿಸಿದ ಸಮಯ. ಲೆಕ್ಕ ಹಾಕಿ ನೋಡಿ. ನನಗೆ ಬೇಕಿದ್ದದ್ದು 17 ಮತ್ತು 58 ಸೇರಿ 75. ಸಿಕ್ಕಿದ್ದು 17, ಕಾಲು ಭಾಗವೂ ಇಲ್ಲ. 200 ಮಿಲಿಸೆಕೆಂಡ್ ಸಿಪಿಯು ಬೇಡುವ ಒಂದು ಚೀಟಿಗೆ ಸುಮಾರು 880 ಮಿಲಿಸೆಕೆಂಡ್ ಹಿಡಿಯುತ್ತದೆ. ಹಿಂದೆ ಹತ್ತು ಚೀಟಿ ಸಾಲು ನಿಂತರೆ ಕೊನೆಯವನ ಗತಿ ಹೇಳಬೇಕಾ?

ಕಂಪನಿಯ ಸಪೋರ್ಟ್‌ನವರಿಗೆ ಬರೆದೆ. ಅವರು ರಾತ್ರಿ ನೋಡಿ "ಸ್ಟೀಲ್ 0, ಎಲ್ಲ ಸರಿಯಿದೆ" ಅಂದರು. ಸುಳ್ಳಲ್ಲ, ಆದರೆ ಪ್ರಯೋಜನವೂ ಇಲ್ಲ. ಕೆಲಸವೇ ಇಲ್ಲದ ಮೆಷಿನ್ ಸಿಪಿಯು ಕೇಳುವುದೇ ಇಲ್ಲ, ಹಾಗಾಗಿ ಕದಿಯಲೂ ಏನೂ ಇರುವುದಿಲ್ಲ. ಕೆಲಸ ಜಾಸ್ತಿ ಇರುವಾಗಿನ `vmstat` ಅನ್ನೇ ಸಮಯ ಸಮೇತ ಉಳಿಸಿಟ್ಟುಕೊಳ್ಳಿ.

ಆಮೇಲೆ ನಾನು ಇನ್ನೊಂದು ದಡ್ಡತನ ಮಾಡಿದೆ. ಅದೇ ಹಂಚಿಕೆಯ ಸಿಪಿಯು ಪ್ಲಾನ್‌ನಲ್ಲೇ 4 ವಿಸಿಪಿಯು ತಗೊಂಡೆ. ದುಡ್ಡು ದುಪ್ಪಟ್ಟು, `st` ಮಾತ್ರ 40ರ ಆಸುಪಾಸಿನಲ್ಲೇ ಉಳಿಯಿತು.

ಕಾರಣ ಎರಡರಲ್ಲಿ ಒಂದು ಇರುತ್ತದೆ. ನಿಮ್ಮ ಪ್ಲಾನ್‌ಗೆ ಬಿಡುವಿನಲ್ಲಿ ಕೂಡಿಟ್ಟು ಗದ್ದಲದಲ್ಲಿ ಖರ್ಚು ಮಾಡುವ ಸಿಪಿಯು ಕ್ರೆಡಿಟ್ ಇದ್ದು ಅದು ಮುಗಿದಿದ್ದರೆ, ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ `st` ಏರುತ್ತದೆ, ಮೆಷಿನ್‌ಗೆ ಬಿಡುವು ಕೊಟ್ಟರೆ ಇಳಿಯುತ್ತದೆ. ನಿಮ್ಮ ಕೆಲಸ ಒಂದೇ ಸಮ ಇದ್ದರೂ `st` ಹೊತ್ತಲ್ಲದ ಹೊತ್ತಿನಲ್ಲಿ ಏರಿಳಿದರೆ ಅದು ಅಕ್ಕಪಕ್ಕದ ಬಾಡಿಗೆದಾರರ ಕಾಟ. ನನ್ನದು ಎರಡನೆಯದು. ಒಳಗಿನಿಂದ `reboot` ಮಾಡಿದರೆ ಸಾಮಾನ್ಯವಾಗಿ ಅದೇ ಹೋಸ್ಟ್ ಮೇಲೆಯೇ ಏಳುತ್ತದೆ. ಪ್ಯಾನೆಲ್‌ನಿಂದ ಪೂರ್ತಿ ನಿಲ್ಲಿಸಿ ಶುರು ಮಾಡಿದರೆ ಕೆಲವು ಕಡೆ ಬೇರೆ ಹೋಸ್ಟ್ ಸಿಗುತ್ತದೆ. ನನಗೆ ಸಿಕ್ಕಿತು, ಎರಡು ದಿನ ಹಾಯಾಗಿದ್ದೆ, ಮೂರನೇ ದಿನ ಮತ್ತೆ ಅದೇ ಗೋಳು. ಕೊನೆಗೆ ಮೀಸಲು ಸಿಪಿಯು ಪ್ಲಾನ್‌ಗೆ, 2 ವಿಸಿಪಿಯುಗೇ ವಾಪಸ್ ಬಂದೆ. ಈಗ 11 ಗಂಟೆಗೂ `st` 0 ಅಥವಾ 1.

ಇನ್ನೊಂದು ಮಾತು. ಕೆವಿಎಂ, ಝೆನ್ ಮೇಲೆ ಓಡುವ ಲಿನಕ್ಸ್‌ಗೆ ಈ ಸ್ಟೀಲ್ ಲೆಕ್ಕ ಸಿಗುತ್ತದೆ. ಬೇರೆ ಕೆಲವು ಹೈಪರ್‌ವೈಸರ್‌ಗಳು ಅದನ್ನು ಒಳಗೆ ತಿಳಿಸುವುದೇ ಇಲ್ಲ. ಅಲ್ಲಿ `st` 0 ಕಂಡರೂ ನಂಬಬೇಡಿ. ಸಿಪಿಯು ಬೇಡುವ ಒಂದೇ ಕೆಲಸವನ್ನು ರಾತ್ರಿ ಒಮ್ಮೆ, ಗದ್ದಲದ ಹೊತ್ತಿನಲ್ಲಿ ಒಮ್ಮೆ ಓಡಿಸಿ, ಎಷ್ಟು ಸೆಕೆಂಡ್ ಹಿಡಿಯಿತು ಅಂತ ಹೋಲಿಸಿ ನೋಡಿ.