ಮಳೆ ಬಂದರೆ ಕಿವುಡಾಗುವ ಫೋನು: ಹದಿನೆಂಟು ತಿಂಗಳ ಬಳಕೆಯ ನಂತರ

ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ನನ್ನ ಕಿವಿ ಹೋಯಿತು. ಗಂಡನಿಗೆ ಕಿವಿ ಕೇಳಿಸುತ್ತದೆ, ಆದರೆ ಆತ ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನವನು. ಒಮ್ಮೆ ಹೊರಟರೆ ಹತ್ತು ದಿನ ಮನೆಯಲ್ಲಿಲ್ಲ. ಕಳೆದ ವರ್ಷ ಫೆಬ್ರವರಿಯಲ್ಲಿ ಮಗ ಹುಟ್ಟಿದಾಗ ಎಲ್ಲರಿಗೂ ಇದ್ದ ಪ್ರಶ್ನೆ ಒಂದೇ: ರಾತ್ರಿ ಮಗು ಅತ್ತರೆ ಇವಳಿಗೆ ಹೇಗೆ ಗೊತ್ತಾಗುತ್ತದೆ? ಮಾರ್ಚ್‌ನಲ್ಲಿ ಫೋನಿನ ಧ್ವನಿ ಗುರುತಿಸುವ ಸೌಲಭ್ಯವನ್ನು ಚಾಲೂ ಮಾಡಿದೆ. ಐಫೋನಿಗೂ ಆಂಡ್ರಾಯ್ಡ್‌ಗೂ ಇದು 2020ರಲ್ಲೇ ಬಂದಿದೆ, ದುಡ್ಡು ಕೊಡಬೇಕಾಗಿಲ್ಲ. ಖರ್ಚಾದದ್ದು ಕೈಗೆ ಕಟ್ಟುವ ಸ್ಮಾರ್ಟ್ ಬ್ಯಾಂಡ್‌ಗೆ ಮಾತ್ರ, ಎರಡು ಸಾವಿರದೊಳಗೆ. ಸ್ಮಾರ್ಟ್ ವಾಚ್ ನಮ್ಮ ಕೈಗೆ ಎಟುಕುವ ವಸ್ತುವಲ್ಲ.

ಬ್ಯಾಂಡಿನದು ಒಂದು ಕಿರಿಕಿರಿ. ಮಗು ಅತ್ತರೂ, ಯಾರೋ ಶುಭೋದಯದ ಚಿತ್ರ ಕಳುಹಿಸಿದರೂ ಅದು ನಡುಗುವುದು ಒಂದೇ ರೀತಿ. ವಾರದಲ್ಲೇ ಉಳಿದೆಲ್ಲ ಆ್ಯಪ್‌ಗಳ ಸೂಚನೆ ಬ್ಯಾಂಡಿಗೆ ಬರದಂತೆ ಮುಚ್ಚಿಬಿಟ್ಟೆ. ಅಲ್ಲಿಂದ ಮಣಿಕಟ್ಟು ನಡುಗಿದರೆ ಅದು ಮನೆಯ ಸದ್ದು, ಬೇರೇನೂ ಅಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ನಾನು ಈ ಸೌಲಭ್ಯವನ್ನು ಹೊಗಳದೆ ಇದ್ದ ದಿನವಿಲ್ಲ. ಕೇಳಿದ್ದನ್ನೆಲ್ಲ ಅದು ಗಂಟೆ ನಿಮಿಷದ ಸಮೇತ ಬರೆದಿಡುತ್ತದೆ. ಬೆಳಿಗ್ಗೆ ಚಹಾ ಇಳಿಸಿಕೊಂಡು ಆ ಪಟ್ಟಿ ನೋಡುವುದೇ ನನ್ನ ದಿನಪತ್ರಿಕೆ. ರಾತ್ರಿ ಎರಡಕ್ಕೆ ನಾಯಿ ಬೊಗಳಿದೆ, ಐದೂಕಾಲಿಗೆ ನೀರು ಹರಿದಿದೆ, ಅಂದರೆ ಅತ್ತೆ ಎದ್ದಿದ್ದಾರೆ. ಇಪ್ಪತ್ತು ವರ್ಷಗಳಿಂದ ನನಗೆ ತಿಳಿಯದೇ ಹೋದ ಮನೆ ಅದು. ತಪ್ಪುಗಳೂ ಇದ್ದವು. ಮೀನಿನ ವಾಸನೆಗೆ ಸೇರುವ ಬೆಕ್ಕುಗಳು ಮಾಡಿನ ಮೇಲೆ ಜಗಳವಾಡಿದರೆ ‘ಮಗು ಅಳುತ್ತಿದೆ’ ಎಂದು ಬರುತ್ತಿತ್ತು. ಎದ್ದು ನೋಡಿದರೆ ಅವನು ಹೆಬ್ಬೆರಳು ಚೀಪುತ್ತಾ ಮಲಗಿರುತ್ತಿದ್ದ. ಅದಕ್ಕೆ ನನಗೆ ಬೇಸರವೇನೂ ಆಗಲಿಲ್ಲ. ಸುಮ್ಮನೆ ಎಬ್ಬಿಸುವುದು ಸಣ್ಣ ತಪ್ಪು.

ದೊಡ್ಡ ತಪ್ಪು ಕಾಣಿಸಿದ್ದು ಆಗಸ್ಟ್‌ನಲ್ಲಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಗಂಡ ಮನೆಯಲ್ಲೇ ಇದ್ದರು. ಮಗು ಅತ್ತರೆ ಅವರೇ ಏಳುತ್ತಿದ್ದರು, ಬ್ಯಾಂಡ್ ನಡುಗಿತೋ ಇಲ್ಲವೋ ಎಂದು ನಾನು ಗಮನಿಸಲೇ ಇಲ್ಲ. ಬೋಟು ಕಡಲಿಗಿಳಿದ ಮೂರನೇ ರಾತ್ರಿ, ಅತ್ತೆ ಮಗಳ ಮನೆಗೆ ಹೋಗಿದ್ದರು, ಗಾಳಿ ಮಳೆ. ನಮ್ಮ ಹಂಚಿನ ಮಾಡಿನ ಮುಂದೆ ತಗಡಿನ ಶೀಟ್ ಇಳಿಸಿದ್ದೇವೆ. ಅದರ ಮೇಲೆ ಮಳೆ ಬಿದ್ದರೆ ಕಿವಿ ಇದ್ದವರೂ ಕೂಗಿ ಮಾತನಾಡಬೇಕು ಎನ್ನುತ್ತಾರೆ. 3.52ಕ್ಕೆ ಬ್ಯಾಂಡ್ ನಡುಗಿತು. ಎದ್ದೆ. ಮಗುವಿನ ಮುಖ, ಕುತ್ತಿಗೆ, ದಿಂಬು ಎಲ್ಲ ಒದ್ದೆ, ಬಿಕ್ಕಳಿಕೆ ನಿಲ್ಲುತ್ತಿಲ್ಲ. ಈಗಷ್ಟೇ ಅಳಲು ಶುರು ಮಾಡಿದ ಮಗುವಿನ ಮುಖ ಹಾಗಿರುವುದಿಲ್ಲ. ಪಟ್ಟಿ ನೋಡಿದರೆ ಒಂದು ಗಂಟೆಯಿಂದ 3.52ರವರೆಗೆ ಏನೂ ಇಲ್ಲ, ಖಾಲಿ. ಕಿಟಕಿ ತೆರೆದೆ. ಮಳೆ ಆಗ ತಾನೇ ಹೊಳವಾಗಿತ್ತು. ಫೋನು ನಮ್ಮನ್ನು ಎಬ್ಬಿಸಿದ್ದು ಮಳೆ ಬಿಟ್ಟ ಮೇಲೆ.

ಅವತ್ತೇ ತೆಗೆದು ಬಿಸಾಡಬೇಕೆನಿಸಿತ್ತು. ಉಳಿಸಿದವನು ಮೈದುನ. ಅವನು ಯಕ್ಷಗಾನಕ್ಕೆ ಮೈಕ್ ಸೆಟ್ ಕಟ್ಟುವವನು. ಅವನ ತುಳು ಮಾತಿನ ವೇಗಕ್ಕೆ ತುಟಿ ಓದಲು ನನ್ನಿಂದಾಗದು, ಹಾಗಾಗಿ ಫೋನಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದ: “ಅತ್ತಿಗೆ, ಭಾಗವತರ ಬಾಯಿಯ ಹತ್ತಿರ ಮೈಕ್ ಯಾಕೆ ಇಡುತ್ತೇವೆ? ಪಕ್ಕದಲ್ಲಿ ಚೆಂಡೆ ಇದೆಯಲ್ಲ! ಮೈಕ್ ದೂರ ಇಟ್ಟರೆ ಚೆಂಡೆ ಮಾತ್ರ ಕೇಳುತ್ತದೆ. ನೀವು ಫೋನನ್ನು ಚೆಂಡೆಯ ಹತ್ತಿರ ಇಟ್ಟಿದ್ದೀರಿ.”

ನಿಜ. ಫೋನು ಇದ್ದದ್ದು ತೊಟ್ಟಿಲಿನಿಂದ ಹನ್ನೆರಡು ಅಡಿ ದೂರದ ಕಿಟಕಿಯ ಪಕ್ಕದ ಹಲಗೆಯ ಮೇಲೆ. ಚಾರ್ಜರ್ ಪ್ಲಗ್ ಅಲ್ಲೇ ಇದೆ ಎಂಬ ಒಂದೇ ಕಾರಣಕ್ಕೆ. ಫೋನು ಸದ್ದನ್ನು ಸಣ್ಣ ಸಣ್ಣ ತುಂಡುಗಳಾಗಿ ತೆಗೆದುಕೊಂಡು, ಇದು ಅಳುವಿಗೆ ಎಷ್ಟು ಹೋಲುತ್ತದೆ ಎಂದು ಅಂಕ ಹಾಕುತ್ತದೆ. ಒಂದು ಗೆರೆ ದಾಟಿದರೆ ಮಾತ್ರ ಎಚ್ಚರಿಸುತ್ತದೆ. ಮಳೆಯ ಸದ್ದು ಸಣ್ಣ ಸ್ವರದಿಂದ ದಪ್ಪ ಸ್ವರದವರೆಗೆ ಎಲ್ಲವನ್ನೂ ತುಂಬಿಕೊಳ್ಳುತ್ತದೆ, ಅಳುವಿನ ಏರಿಳಿತ ಅದರಲ್ಲಿ ಮುಳುಗಿ ಅಂಕ ಗೆರೆಯ ಕೆಳಗೇ ಉಳಿಯುತ್ತದೆ. ಫೋನನ್ನು ಹತ್ತಿರ ತಂದರೆ ಮಳೆಯೇನೂ ಜೋರಾಗುವುದಿಲ್ಲ, ಅದು ಕೋಣೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಜೋರಾಗುವುದು ಅಳು ಮಾತ್ರ. ದೂರವನ್ನು ಅರ್ಧ ಮಾಡಿದಾಗಲೆಲ್ಲ ಸುಮಾರು ಆರು ಡೆಸಿಬಲ್ ಏರುತ್ತದೆ ಎಂದು ಅವನ ಲೆಕ್ಕ.

ಮರುದಿನದ ಮಳೆಯಲ್ಲಿ ಪರೀಕ್ಷೆಯನ್ನೂ ಮಾಡಿದ. ಮಗುವಿನ ಅಳುವನ್ನು ಮೊದಲೇ ತನ್ನ ಫೋನಿನಲ್ಲಿ ದಾಖಲಿಸಿಕೊಂಡಿದ್ದ. ಅದನ್ನು ಖಾಲಿ ತೊಟ್ಟಿಲಲ್ಲಿಟ್ಟು ಮಗು ಅಳುವಷ್ಟೇ ಜೋರಾಗಿ ನುಡಿಸಿದ. ಹನ್ನೆರಡು ಅಡಿಯಲ್ಲಿ ನನ್ನ ಕೈ ನಡುಗಲೇ ಇಲ್ಲ. ಆರು ಅಡಿಯಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ. ಮೂರು ಅಡಿಗೆ ತಂದ ಮೇಲೆ ಐದು ಸಲಕ್ಕೆ ಐದೂ ಬಂತು.

ಅಂದಿನಿಂದ ನನ್ನ ರಾತ್ರಿಯ ಕೆಲಸಕ್ಕೆ ಒಂದು ಕ್ರಮ ಬಂತು. ಹಳೆಯ ಲಂಗದ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಪಕ್ಕಾಸಿಗೆ ಕಟ್ಟಿದ್ದೇನೆ, ತೊಟ್ಟಿಲಿನ ಹಗ್ಗಕ್ಕಲ್ಲ. ಹಗ್ಗಕ್ಕೆ ಕಟ್ಟಿದರೆ ತೂಗುವಾಗ ಬಟ್ಟೆ ಉಜ್ಜಿದ ಸದ್ದೇ ಫೋನಿಗೆ ದೊಡ್ಡದಾಗುತ್ತದೆ. ಫೋನನ್ನು ತಲೆಕೆಳಗಾಗಿ ಇಡುತ್ತೇನೆ, ಮೈಕಿನ ತೂತು ಅದರ ಬುಡದಲ್ಲಿದೆ, ಅದು ಚೀಲದ ಬಾಯಿಯಲ್ಲಿ ತೆರೆದಿರಬೇಕು. ಮಗುವಿನ ಹತ್ತಿರ ವಯರು ಬೇಡ, ಆದ್ದರಿಂದ ಒಂಬತ್ತರೊಳಗೆ ಪೂರ್ತಿ ಚಾರ್ಜ್. ಮಲಗುವ ಮುನ್ನ ತೊಟ್ಟಿಲಿನ ಬಳಿ ಆ ದಾಖಲಿಸಿದ ಅಳುವನ್ನೇ ಒಮ್ಮೆ ನುಡಿಸುತ್ತೇನೆ, ಕೈ ನಡುಗಿದರೆ ದೀಪ ಆರಿಸುತ್ತೇನೆ.

ಈ ಪರೀಕ್ಷೆ ಅತಿಯಾಯಿತು ಎಂದು ನಾದಿನಿ ನಗುತ್ತಾಳೆ. ಆದರೆ ನನ್ನಂಥವಳಿಗೆ ಕೈ ನಡುಗದಿರುವುದಕ್ಕೆ ಎರಡು ಅರ್ಥ: ಮಗು ಮಲಗಿದೆ, ಇಲ್ಲವೇ ಫೋನು ಮಲಗಿದೆ. ನನ್ನ ಫೋನು ಬ್ಯಾಟರಿ ಉಳಿಸುವ ನೆಪದಲ್ಲಿ ಎರಡು ಸಲ ಈ ಸೌಲಭ್ಯವನ್ನೇ ಹಿನ್ನೆಲೆಯಲ್ಲಿ ನಿಲ್ಲಿಸಿಬಿಟ್ಟಿತ್ತು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಅದಕ್ಕೆ ನಿರ್ಬಂಧವಿಲ್ಲ ಎಂದು ಗುರುತು ಹಾಕಿದ ಮೇಲೆ ಸರಿಯಾಯಿತು. ಗೆಳತಿಯರ ಜೊತೆ ವಿಡಿಯೊ ಕರೆಯಲ್ಲಿ ಸನ್ನೆ ಭಾಷೆಯಲ್ಲಿ ಹರಟುವಾಗಲೂ ಎಚ್ಚರಿಕೆ ಬರುವುದಿಲ್ಲ. ನಾವು ಒಂದು ಸದ್ದೂ ಮಾಡದಿದ್ದರೂ ಮೈಕ್ ಆ ಕರೆಯ ಪಾಲಾಗಿರುತ್ತದೆ. ಬಾವಿಕಟ್ಟೆಗೆ ಹೋದರೆ ಎರಡು ಗೋಡೆ ಅಡ್ಡ ಬಂದು ಬ್ಲೂಟೂತ್ ಕಡಿಯುತ್ತದೆ. ಸಂಪರ್ಕ ಕಡಿದಾಗ ನಡುಗುವ ಆಯ್ಕೆ ನನ್ನ ಬ್ಯಾಂಡಿನಲ್ಲಿದೆ, ಅದನ್ನು ಹುಡುಕಿ ಚಾಲೂ ಮಾಡಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಕರೆಗಂಟೆಯ ಬಗ್ಗೆ ಕೇಳುವವರಿಗೆ: ನಮ್ಮದು ಹಕ್ಕಿ ಚಿಲಿಪಿಲಿಯ ಗಂಟೆ, ಫೋನು ಅದನ್ನು ಗಂಟೆ ಎಂದು ಒಪ್ಪಲಿಲ್ಲ. ನಮ್ಮದೇ ಸದ್ದು ದಾಖಲಿಸಿ ಕಲಿಸುವ ಅವಕಾಶವಿದೆ, ಕಲಿಸಿದ ಮೇಲೆ ಪರವಾಗಿಲ್ಲ. ಸೈರನ್ನಿಗೆ ಇದನ್ನು ನಂಬಿ ರಸ್ತೆಗಿಳಿಯಬೇಡಿ. ಅಪಾಯದ ಸಂದರ್ಭದಲ್ಲಿ ಇದನ್ನೇ ನೆಚ್ಚಿಕೊಳ್ಳಬೇಡಿ ಎಂದು ತಯಾರಿಸಿದವರೇ ಹೇಳಿದ್ದಾರೆ. ಮಳೆಗೆ ಕರೆಂಟೂ ನೆಟ್‌ವರ್ಕೂ ಹೋದ ರಾತ್ರಿಗಳಲ್ಲಿ ಮಾತ್ರ ಇದು ಕೈಬಿಟ್ಟಿಲ್ಲ, ಸದ್ದು ಗುರುತಿಸುವ ಕೆಲಸವೆಲ್ಲ ಫೋನಿನೊಳಗೇ ನಡೆಯುತ್ತದೆ.

ಈ ಮಳೆಗಾಲದಲ್ಲಿ ಚೀಲಕ್ಕೆ ಕೆಲಸ ಕಡಿಮೆ. ಮಗ ನಡೆಯುತ್ತಾನೆ. ಎಚ್ಚರವಾದರೆ ಅಳುವುದಿಲ್ಲ, ಬಂದು ನನ್ನ ಕೆನ್ನೆಗೆ ತಟ್ಟುತ್ತಾನೆ. ಅಜ್ಜಿಯನ್ನು ಕೂಗಿ ಎಬ್ಬಿಸುತ್ತಾನೆ, ನನ್ನನ್ನು ಮುಟ್ಟಿ. ಈಗ ಬ್ಯಾಂಡಿನಲ್ಲಿ ಹೆಚ್ಚಾಗಿ ಬರುವುದು ‘ನೀರು ಹರಿಯುತ್ತಿದೆ’. ಬಚ್ಚಲಿನ ನಲ್ಲಿ ಅವನ ಕೈಗೆ ಸಿಗುವ ಎತ್ತರದಲ್ಲಿದೆ.